ಫೋಟೊ ನೋಡಿ ಹಾರ್ಮೋನಿಯಂ ತಯಾರಕರನ್ನು ಪತ್ತೆ ಮಾಡುವುದು ಹೇಗೆ?

ಸಾಗರದಲ್ಲಿ ಸಂಗೀತ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ತೀರ್ಥಹಳ್ಳಿ ಕಡೆಯಿಂದ ಹಳೆಯ ಹಾರ್ಮೋನಿಯಂನ ಫೋಟೊ ಬಂದಿದೆ ಎಂದುಕೊಳ್ಳಿ. ಮುಂಭಾಗದ ಹಿತ್ತಾಳೆ ಪಟ್ಟಿಯ ಮೇಲೆ ಒಂದು ಹೆಸರು, ಕೆಳಗೆ ‘ಕಲ್ಕತ್ತಾ’. ‘ಒಳ್ಳೇ ಕಂಪನಿದು, ಈಗೆಲ್ಲ ಸಿಗಲ್ಲ’ ಎನ್ನುತ್ತಾರೆ ಮಾರುವವರು. ನಂಬಬಹುದೇ?

ಮೊದಲು ಚಿತ್ರವನ್ನೇ ಸರಿಯಾಗಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ, ಸಣ್ಣ ಅಕ್ಷರ ಮಸುಕಾಗುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎನ್ನಿ. ಫ್ಲ್ಯಾಷ್ ಬೇಡ, ಹಿತ್ತಾಳೆ ಹೊಳೆದು ಹೆಸರೇ ಮುಚ್ಚಿಹೋಗುತ್ತದೆ. ಜಗಲಿಯ ಬೆಳಕು ಸಾಕು.

ಈಗ ಹೆಸರಿಗಿಂತ ವಿಳಾಸ ಓದಿ. ಬಾಂಬೆ 1995ರಲ್ಲಿ ಮುಂಬೈ ಆಯಿತು, ಕಲ್ಕತ್ತಾ 2001ರಲ್ಲಿ ಕೋಲ್ಕತ್ತ ಆಯಿತು. ಆರಂಕಿಯ ಪಿನ್ ಕೋಡ್ ಬಂದದ್ದು 1972ರಲ್ಲಿ. ಹಾಗಾಗಿ ‘ಕಲ್ಕತ್ತಾ’ ಪಕ್ಕ 7ರಿಂದ ಶುರುವಾಗುವ ಆರಂಕಿ ಇದ್ದರೆ, ‘ಸ್ವಾತಂತ್ರ್ಯಕ್ಕೂ ಮುಂಚಿನ ಪೆಟ್ಟಿಗೆ’ ಎಂಬ ಮಾತು ಆ ಪಟ್ಟಿಗಂತೂ ಹೊಂದುವುದಿಲ್ಲ. ಆದರೆ ಹಳೇ ಹೆಸರಿದ್ದ ಮಾತ್ರಕ್ಕೆ ವಾದ್ಯ ಹಳೆಯದೆನ್ನಲಾಗದು. ಉಳಿದ ಪಟ್ಟಿಗಳನ್ನು ಮುಗಿಯುವ ತನಕ ಹೊಡೆಯುವವರೂ ಇರುತ್ತಾರೆ.

ಆಮೇಲೆ ಪಟ್ಟಿಯ ಸುತ್ತಮುತ್ತ ದೊಡ್ಡದು ಮಾಡಿ ನೋಡಿ. ನಮ್ಮ ಹುಡುಗಿಯ ಫೋಟೊದಲ್ಲಿ ಪಟ್ಟಿಯ ಆಚೀಚೆ ಎರಡು ಖಾಲಿ ಸ್ಕ್ರೂ ತೂತುಗಳಿವೆ. ಅವುಗಳ ನಡುವೆ ಪಾಲಿಷ್ ಬಣ್ಣ ತುಸು ಗಾಢವಾಗಿದೆ. ಅಲ್ಲಿ ಮೊದಲು ಇದಕ್ಕಿಂತ ಉದ್ದದ ಪಟ್ಟಿ ಇತ್ತು ಎಂದರ್ಥ. ಬದಲಾಯಿಸಿದ್ದು ಮೋಸಕ್ಕೇ ಆಗಬೇಕೆಂದಿಲ್ಲ. ಎಲ್ಲಿಂದಲೋ ತರಿಸಿದ ಪೆಟ್ಟಿಗೆಗೆ ತಮ್ಮ ಹೆಸರು ಹೊಡೆದು ಮಾರುವ ಅಂಗಡಿಗಳಿವೆ, ರಿಪೇರಿ ಮಾಡಿದವರು ತಮ್ಮ ಚೀಟಿ ಅಂಟಿಸುವುದೂ ಉಂಟು. ಅಂತೂ ಆ ಹೆಸರಿಗೆ ಹೆಚ್ಚು ಹಣ ಕೊಡುವಂತಿಲ್ಲ.

ನಿಜವಾದ ಗುಟ್ಟು ಒಳಗಿದೆ. ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಹಿತ್ತಾಳೆಯ ಪುಟ್ಟ ನಾಲಗೆಗಳೇ ರೀಡ್‌ಗಳು; ರಿಪೇರಿ ಗೊತ್ತಿದ್ದವರಿಂದ ಅವುಗಳನ್ನು ಕೂರಿಸಿದ ಹಲಗೆಯಾದ ರೀಡ್ ಬೋರ್ಡ್ ಎತ್ತಿಸಿ, ಅದರ ಕೆಳಮೈಯ ಫೋಟೊ ಕೇಳಿ. ಕೆಲವು ಪೆಟ್ಟಿಗೆಗಳಲ್ಲಿ ಮರದ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರೋ ನಂಬರೋ ಇರುತ್ತದೆ. ಹಿತ್ತಾಳೆ ರೀಡ್‌ಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿ, ಅವುಗಳ ಮೇಲಿನ ಅಕ್ಷರದ ಅಚ್ಚು ಒಂದೇ ಥರ ಇದ್ದರೆ ಅವು ಒಟ್ಟಿಗೇ ಕೂತ ಜೋಡಿ. ನಡುವೆ ಮೂರ್ನಾಲ್ಕು ಮಾತ್ರ ಫಳಫಳ ಹೊಳೆದರೆ ಆಮೇಲೆ ಹಾಕಿದವು. ಮಲೆನಾಡಿನ ಮಳೆಗಾಲ ಕಂಡ ಪೆಟ್ಟಿಗೆಯಾದರೆ ಹಸಿರು ಕಿಲುಬನ್ನೂ ಹುಡುಕಿ.

‘ಜರ್ಮನ್ ರೀಡ್’ ಎಂದರೆ ಬೆರಗಾಗಬೇಡಿ. ರೀಡ್ ಒಂದು ಕಡೆಯದು, ಪೆಟ್ಟಿಗೆ ಇನ್ನೊಂದು ಕಡೆಯದು ಆಗಿರುವುದು ಮಾಮೂಲು. ಗುಜರಾತಿನ ಪಾಲಿತಾಣದ ರೀಡ್ ಹಾಕಿಕೊಂಡ ವಾದ್ಯಗಳು ಎಷ್ಟೋ ಊರುಗಳಲ್ಲಿ ತಯಾರಾಗುತ್ತವೆ. ರೀಡ್ ನೋಡಿ ಪೆಟ್ಟಿಗೆಯ ತಯಾರಕರನ್ನು ಹೇಳಲಾಗದು.

ಇಷ್ಟೆಲ್ಲ ನೋಡಿದ ಮೇಲೂ ಹೆಸರು ಖಚಿತವಾಗದಿದ್ದರೆ ಹೆಸರಿಲ್ಲದ ಪೆಟ್ಟಿಗೆಯ ಬೆಲೆಯನ್ನೇ ಹೇಳಿ. ತಿದಿಯಲ್ಲಿ ಗಾಳಿ ನಿಲ್ಲುತ್ತದೋ, ಶ್ರುತಿ ಸರಿಯಿದೆಯೋ ಎಂಬುದು ಫೋಟೊಗೆ ಸಿಗದು. ಅದಕ್ಕೆ ಮೇಷ್ಟ್ರನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋಗಲೇಬೇಕು.