ಧರ್ಮಗಳ ಹೆಸರೇ ಇಲ್ಲದ ಈದ್ ಶುಭಾಶಯ

ನೆರೆಹೊರೆಯ ಎಲ್ಲ ಧರ್ಮದವರಿಗೆಂದು ಒಬ್ಬರು ಮಾಡಿಸಿದ ರಂಜಾನ್ ಹಬ್ಬದ ಶುಭಾಶಯ ವಿಡಿಯೊಗೆ ನಾನು ಬರೆದ ನಿರೂಪಣೆಯಲ್ಲಿ ಯಾವ ಧರ್ಮದ ಹೆಸರೂ ಇರಲಿಲ್ಲ. ‘ಎಲ್ಲರನ್ನೂ ಸೇರಿಸಿ ಎಂದರೆ ಯಾರ ಹೆಸರನ್ನೂ ಹೇಳಿಲ್ಲವಲ್ಲ’ ಎಂದು ಬರೆಸಿದವರು ಕರಡನ್ನು ವಾಪಸು ಕಳುಹಿಸಿದರು. ಬಾಕಿ ಅರ್ಧ ಹಣವೂ ಅಲ್ಲೇ ನಿಂತಿತು.

ಅವರಿಗೆ ಬೇಕಾಗಿದ್ದದ್ದು ಪಟ್ಟಿ: ಹಿಂದೂ, ಕ್ರೈಸ್ತ, ಜೈನ, ಸಿಖ್, ಬೌದ್ಧ ಬಾಂಧವರಿಗೆ ಎಂದು. ಹಾಗೆಯೇ ಬರೆದು ಓದಿಸಿದೆ. ಒಂದು ನಿಮಿಷದ ವಿಡಿಯೊದಲ್ಲಿ ಹತ್ತು-ಹನ್ನೆರಡು ಸೆಕೆಂಡು ಪಟ್ಟಿಗೇ ಹೋಯಿತು, ದನಿ ಸಭೆಯ ಸ್ವಾಗತ ಭಾಷಣವಾಯಿತು. ನನ್ನ ಲೆಕ್ಕದಲ್ಲಿ ನಿಮಿಷಕ್ಕೆ 75 ಪದ ದಾಟಿದರೆ ಆಪ್ತತೆ ಉಳಿಯುವುದಿಲ್ಲ.

ನನ್ನ ದಾರಿ ಬೇರೆ. ನೆರೆಯವರನ್ನು ಅವರ ಧರ್ಮದಿಂದಲ್ಲ, ಉಪವಾಸದ ತಿಂಗಳಲ್ಲಿ ಅವರು ನಡೆದುಕೊಂಡ ರೀತಿಯಿಂದ ಕರೆಯುವುದು:

‘ಸಹರಿಯ ಹೊತ್ತಿಗೆ ನಮ್ಮ ಅಡುಗೆಮನೆಯ ಸದ್ದಿಗೆ ಎಚ್ಚರವಾದರೂ ಬೇಸರಿಸದ ಪಕ್ಕದ ಮನೆಯವರೇ, ನಮ್ಮೆದುರು ನೀರು ಕುಡಿಯಲೂ ಹಿಂಜರಿದ ಗೆಳೆಯರೇ, ಇಫ್ತಾರ್‌ಗೆ ನಾವು ಮನೆ ಸೇರಲೆಂದು ನಮ್ಮ ಕೆಲಸಕ್ಕೂ ಹೆಗಲು ಕೊಟ್ಟವರೇ, ಈ ಹಬ್ಬದಲ್ಲಿ ನಿಮ್ಮ ಪಾಲೂ ಇದೆ. ಬಾಗಿಲು ತೆರೆದಿದೆ, ಬನ್ನಿ. ಈದ್ ಮುಬಾರಕ್.’

‘ಈದ್ ಮುಬಾರಕ್’ ಕೊನೆಗೇ ಬರಬೇಕು. ಮೊದಲೇ ಹೇಳಿದರೆ ಇದು ತನಗಲ್ಲವೆಂದುಕೊಂಡು ನೆರೆಯವನು ಮುಂದಿನದಕ್ಕೆ ಹೋಗುತ್ತಾನೆ. ‘ಭಾವೈಕ್ಯ’, ‘ಸೌಹಾರ್ದ’ಗಳನ್ನೂ ಹೊಡೆದುಹಾಕಿದೆ. ಪಕ್ಕದ ಮನೆಯವರೊಡನೆ ಯಾರೂ ಹಾಗೆ ಮಾತನಾಡುವುದಿಲ್ಲ. ಕಂಠದಾನ ಕಲಾವಿದೆಯಿಂದ ‘ಬನ್ನಿ’ಯನ್ನು ಆ ಮೆಲುದನಿಯಲ್ಲಿ ಹೇಗೆ ಹೇಳಿಸಿದೆ ಎಂಬುದು ನನ್ನಲ್ಲೇ ಇರಲಿ.

ಹಣ ಸೋರುವುದು ಚಂದ್ರದರ್ಶನದಲ್ಲಿ. ತಿಂಗಳು 29ಕ್ಕೆ ಮುಗಿಯುತ್ತದೋ 30ಕ್ಕೋ ಸಂಜೆಯವರೆಗೆ ತಿಳಿಯದು. ‘ನಾಳೆ ಹಬ್ಬ’ ಎಂದು ಧ್ವನಿಮುದ್ರಿಸಿ, ಮತ್ತೆ ಸ್ಟುಡಿಯೊ ಬಾಡಿಗೆ ತೆತ್ತವರು ನಮ್ಮಲ್ಲಿ ಹಲವರಿದ್ದಾರೆ. ನಾನು ನಿರೂಪಣೆಯಲ್ಲಿ ದಿನವನ್ನೇ ಹೇಳಿಸುವುದಿಲ್ಲ. ದಿನಾಂಕ ಬೇಕೇಬೇಕೆಂದರೆ ಪರದೆಯ ಮೇಲಿನ ಅಕ್ಷರದಲ್ಲಿ ಮಾತ್ರ, ಅದೂ ದಿನಕ್ಕೊಂದರಂತೆ ಎರಡು ಪ್ರತಿಗಳಲ್ಲಿ.

ಸಂಕಲನಕಾರರ ಮೇಲೂ ಕಣ್ಣಿರಬೇಕು. ಈದ್ಗಾದ ಸಾಮೂಹಿಕ ಪ್ರಾರ್ಥನೆಯ ದೃಶ್ಯಕ್ಕೆ ಆಜಾನ್ ಹೊಂದಿಸಿಬಿಡುತ್ತಾರೆ. ಈದ್ ನಮಾಜಿಗೆ ಆಜಾನ್ ಇಲ್ಲ, ತಿಳಿದವರು ಅಲ್ಲೇ ನಕ್ಕುಬಿಡುತ್ತಾರೆ. ಇನ್ನೊಂದು ಪ್ರಯೋಗವಾಗಿ ಹಿನ್ನೆಲೆ ಸಂಗೀತವನ್ನೇ ತೆಗೆದು, ಪಾತ್ರೆಯ ಸದ್ದು ಮತ್ತು ಬಾಗಿಲ ಚಿಲಕದ ಸದ್ದನ್ನಷ್ಟೇ ಉಳಿಸಿದೆ. ವಾದ್ಯ ಬೇಡವೆನ್ನುವ ಮನೆಗಳಿಗೂ ಅದು ಹೊಂದಿತು, ಖರ್ಚೂ ಉಳಿಯಿತು.

ಕೊನೆಗೆ ಪಟ್ಟಿಯ ಪ್ರತಿ ಮತ್ತು ನನ್ನ ಪ್ರತಿ ಎರಡನ್ನೂ ಬರೆಸಿದವರ ನೆರೆಹೊರೆಯವರಿಗೇ ತೋರಿಸಿದೆವು. ಪಟ್ಟಿಗೆ ತಲೆಯಾಡಿಸಿದರು. ನನ್ನದಕ್ಕೆ ಒಬ್ಬರು, ‘ನೀರಿನ ಮಾತು ನನ್ನದೇ’ ಎಂದರು. ಬಾಕಿ ಹಣ ಆ ವಾರವೇ ಬಂತು.

ಈಗ ಅವರೇ ಬಕ್ರೀದ್‌ಗೂ ಕೇಳಿದ್ದಾರೆ. ಅದು ದುಲ್‌ಹಜ್ ತಿಂಗಳ 10ನೇ ದಿನ, ಚಂದ್ರ ಮೊದಲೇ ಕಂಡಿರುವುದರಿಂದ ದಿನಾಂಕದ ತಲೆನೋವಿಲ್ಲ. ಆದರೆ ಒಟ್ಟಿಗೆ ಕಳೆದ ಉಪವಾಸದ ತಿಂಗಳೂ ಇಲ್ಲ, ಈ ಸಾಲುಗಳು ಅಲ್ಲಿ ನಿಲ್ಲುವುದಿಲ್ಲ. ಬೇರೆ ಸಾಲುಗಳು ಸಿದ್ಧವಿವೆ, ಹಣ ಕೈಸೇರುವವರೆಗೆ ಹೇಳುವುದಿಲ್ಲ.