ಬೆಕ್ಕಿನ ಮರಿಯ ವಯಸ್ಸು ಕೇಳಲು ಡಾಕ್ಟರಿಗೆ ಯಾವ ಫೋಟೊ ಕಳಿಸಬೇಕು?

‘ಮರಿ ಸಿಕ್ಕಿದೆ ಡಾಕ್ಟ್ರೇ, ಎಷ್ಟು ದಿನದ್ದು, ಯಾವ ಜಾತಿ?’ ಎಂಬ ಪ್ರಶ್ನೆ, ಜೊತೆಗೆ ಕತ್ತಲೆ ಕೊಟ್ಟಿಗೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಒಂದೇ ಒಂದು ಫೋಟೊ. ಮಳೆಗಾಲದ ಮಲೆನಾಡಿನಲ್ಲಿ ದನದ ಡಾಕ್ಟ್ರ ವಾಟ್ಸ್‌ಆ್ಯಪ್‌ಗೆ ಹೀಗೊಂದು ಬಂದರೆ ಅವರು ಉತ್ತರಿಸುವುದು ಕಷ್ಟ. ಫ್ಲ್ಯಾಶ್ ಬಿದ್ದ ಕಣ್ಣು ಹೊಳೆಯುವುದರಿಂದ ಅದರ ಬಣ್ಣ ತಿಳಿಯುವುದಿಲ್ಲ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಿದ್ದರೆ ಮರಿ ಅಂಗೈಯಗಲವೋ ಮೊಣಕೈಯುದ್ದವೋ ಗೊತ್ತಾಗುವುದಿಲ್ಲ.

ಮೊದಲ ಫೋಟೊವನ್ನು ಮರಿಯನ್ನು ಮುಟ್ಟುವ ಮೊದಲೇ, ಅದು ಇರುವ ಜಾಗದಲ್ಲೇ, ದೂರದಿಂದ ತೆಗೆಯಿರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದಂಚಿನಲ್ಲಿ ಸಿಗುವ ಮರಿಗಳೆಲ್ಲ ಊರ ಬೆಕ್ಕಿನವೇ ಆಗಬೇಕೆಂದಿಲ್ಲ. ಮೈಮೇಲೆ ಚುಕ್ಕೆ, ಹಣೆಯಲ್ಲಿ ಉದ್ದುದ್ದ ಬಿಳಿ ಪಟ್ಟೆ, ಕಪ್ಪು ಕಿವಿಯ ಹಿಂಬದಿಯಲ್ಲಿ ಬಿಳಿ ಮಚ್ಚೆ ಇದ್ದರೆ ಚಿರತೆ ಬೆಕ್ಕಿನ ಮರಿ ಇರಬಹುದು. ಮೂತಿ ಚೂಪಾಗಿ ಮುಂದೆ ಚಾಚಿದ್ದರೆ ಪುನುಗುಬೆಕ್ಕು ಎಂದು ಅನುಮಾನಿಸಬೇಕು. ಸಂಶಯ ಉಳಿದರೆ ಹಿಂಗಾಲಿನ ಬೆರಳು ಕಾಣುವ ಫೋಟೊ ಕಳಿಸಿ: ಬೆಕ್ಕಿಗೆ ನಾಲ್ಕು, ಪುನುಗಿಗೆ ಐದು. ಇವೆಲ್ಲ 1972ರ ವನ್ಯಜೀವಿ ಕಾಯ್ದೆಯಡಿ ಬರುವ ಪ್ರಾಣಿಗಳು, ಸಾಕುವಂತಿಲ್ಲ. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಊರ ಬೆಕ್ಕೇ ಎಂದಾದರೆ ‘ಯಾವ ತಳಿ’ ಎಂಬ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಬೀದಿಯಲ್ಲಿ ಸಿಕ್ಕ ಮರಿ ನಾಟಿಯದೇ. ನಯವಾದ ಜೂಲು ನೋಡಿ ಪರ್ಷಿಯನ್, ನೀಲಿ ಕಣ್ಣು ನೋಡಿ ಸಯಾಮೀಸ್ ಎಂದುಕೊಳ್ಳುವವರಿದ್ದಾರೆ. ಮರಿಗಳ ಕೂದಲು ಹಾಗೇ ಉಬ್ಬಿರುತ್ತದೆ, ಎಲ್ಲ ಮರಿಗಳ ಕಣ್ಣೂ ಮೊದಮೊದಲು ನೀಲಿಯೇ. ಆ ನೀಲಿ ಆರೇಳು ವಾರಕ್ಕೆ ಬದಲಾಗತೊಡಗುತ್ತದೆ.

ಇನ್ನು ಒಳಗೆ ತಂದ ಮೇಲಿನ ಫೋಟೊಗಳು. ಹಗಲು ಹೊತ್ತು ಜಗಲಿಯ ಬೆಳಕಿನಲ್ಲಿ, ಒಂದೇ ಬಣ್ಣದ ಟವೆಲ್ ಮೇಲೆ ಮರಿಯನ್ನು ಕೂರಿಸಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯವಿಡಿ. ಮಳೆಗಾಲದಲ್ಲಿ ಲೆನ್ಸ್ ಮಂಜಾಗಿರುತ್ತದೆ, ಒರೆಸಿಕೊಳ್ಳಿ. ಮುಖ ಎದುರಿನಿಂದ ಒಂದು, ಇಡೀ ಮೈ ಪಕ್ಕದಿಂದ ಒಂದು, ಗಂಡೋ ಹೆಣ್ಣೋ ತಿಳಿಯಲು ಬಾಲ ಎತ್ತಿ ಒಂದು.

ಎಲ್ಲಕ್ಕಿಂತ ಮುಖ್ಯವಾದದ್ದು ಹಲ್ಲಿನ ಫೋಟೊ, ಹೆಚ್ಚಿನವರು ಬಿಡುವುದೂ ಅದನ್ನೇ. ಹೊಟ್ಟೆಗಿಲ್ಲದ ಮರಿಯ ಮೈ ಬೆಳೆಯದೆ ನಿಲ್ಲಬಹುದು, ಹಲ್ಲು ಮಾತ್ರ ಹೆಚ್ಚುಕಡಿಮೆ ತನ್ನ ಲೆಕ್ಕದಲ್ಲೇ ಹುಟ್ಟುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಮುಂದಿನ ಸಣ್ಣ ಬಾಚಿಹಲ್ಲು, ಮೂರು–ನಾಲ್ಕು ವಾರಕ್ಕೆ ಕೋರೆಹಲ್ಲು, ನಾಲ್ಕರಿಂದ ಆರು ವಾರದಲ್ಲಿ ದವಡೆಹಲ್ಲು. ಒಬ್ಬರು ಮರಿಯನ್ನು ಟವೆಲ್‌ನಲ್ಲಿ ಸುತ್ತಿ ಹಿಡಿದು, ಬಾಯಿ ಅಗಲಿಸದೆ, ತುಟಿಯ ಮೂಲೆಯನ್ನು ಮಾತ್ರ ಹೆಬ್ಬೆರಳಲ್ಲಿ ಮೇಲೆತ್ತಿ. ಇನ್ನೊಬ್ಬರು ಪಕ್ಕದಿಂದ ಕ್ಲಿಕ್ಕಿಸಲಿ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಿ.

ಅಡುಗೆಮನೆಯ ತಕ್ಕಡಿ ಮೇಲೆ ಬೋಗುಣಿಯಿಟ್ಟು ತೂಕ ನೋಡಿ, ಬೋಗುಣಿಯ ತೂಕ ಕಳೆಯಿರಿ. ಚೆನ್ನಾಗಿರುವ ಮರಿ ಒಂದು ತಿಂಗಳಿಗೆ ಸುಮಾರು 450 ಗ್ರಾಂ ಇರುತ್ತದೆ. ಇಷ್ಟಾದ ಮೇಲೆ ಸಂದೇಶ ಹೀಗಿರಲಿ:

‘ನಮಸ್ಕಾರ ಡಾಕ್ಟ್ರೇ. ನಿನ್ನೆ ಸಂಜೆ ಸೌದೆ ಕೊಟ್ಟಿಗೆಯಲ್ಲಿ ಒಂದು ಮರಿ ಸಿಕ್ಕಿತು. ರಾತ್ರಿಯಿಡೀ ತಾಯಿ ಬರಲಿಲ್ಲ. ತೂಕ 380 ಗ್ರಾಂ. ಕಣ್ಣು ನೀಲಿ, ಕಿವಿ ನೆಟ್ಟಗಿದೆ, ಓಡುತ್ತದೆ. ಕೋರೆಹಲ್ಲು ಪೂರ್ತಿ ಬಂದಿದೆ, ದವಡೆಹಲ್ಲಿನ ಮೊನೆ ಕಾಣುತ್ತಿದೆ. ಎಡಗಣ್ಣಲ್ಲಿ ಪಿಸರು. ಬೆಳಿಗ್ಗೆ ಎರಡು ಚಮಚ ಹಸುವಿನ ಹಾಲು ಕುಡಿಸಿದೆವು, ಆಮೇಲೆ ಒಮ್ಮೆ ಭೇದಿಯಾಯಿತು. ಎಷ್ಟು ವಾರದ್ದಿರಬಹುದು, ಏನು ಕೊಡಬೇಕು?’

ತೂಕವನ್ನಷ್ಟೇ ನೋಡಿದವರು ಇದಕ್ಕೆ ನಾಲ್ಕು ವಾರ ತುಂಬಿಲ್ಲ ಎನ್ನುತ್ತಾರೆ. ದವಡೆಹಲ್ಲಿನ ಮೊನೆ ಐದು ವಾರದ ಆಸುಪಾಸು ಎನ್ನುತ್ತದೆ. ಡಾಕ್ಟ್ರು ಹಲ್ಲನ್ನೇ ನಂಬುತ್ತಾರೆ, ತೂಕದ ಕೊರತೆಯನ್ನು ಹಸಿವು ಅಥವಾ ಜಂತುಹುಳುವಿನ ಲೆಕ್ಕಕ್ಕೆ ಹಾಕುತ್ತಾರೆ. ಇದರಿಂದ ಆರೈಕೆಯೇ ಬದಲಾಗುತ್ತದೆ: ಐದು ವಾರದ್ದಕ್ಕೆ ಮೆತ್ತನೆಯ ಆಹಾರ ಶುರುಮಾಡಬಹುದು, ಜಂತಿನ ಔಷಧಿಯನ್ನು ಅವರು ತೂಕ ನೋಡಿ ಹೇಳುತ್ತಾರೆ. ಹಸುವಿನ ಹಾಲಿನ ವಿಷಯ ಮುಚ್ಚಿಟ್ಟಿದ್ದರೆ ಭೇದಿಗೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು.

ಮರಿಯ ಮೈ ಮುಟ್ಟಿದರೆ ತಣ್ಣಗಿದ್ದರೆ ಉತ್ತರಕ್ಕೆ ಕಾಯುವಾಗ ಏನನ್ನೂ ತಿನ್ನಿಸಬೇಡಿ, ತಣ್ಣನೆಯ ಮರಿಗೆ ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಿ. ಆಮೇಲೆ ದಿನವೂ ಬೆಳಿಗ್ಗೆ, ತಿನ್ನಿಸುವ ಮೊದಲು, ತೂಕ ಬರೆದಿಡಿ. ದಿನಕ್ಕೆ ಹತ್ತು–ಹದಿನೈದು ಗ್ರಾಂ ಏರುತ್ತಿರಬೇಕು. ಎರಡು ದಿನ ಏರದಿದ್ದರೆ ಫೋಟೊ ಕಳಿಸುತ್ತ ಕೂರದೆ ಮರಿಯನ್ನೇ ಆಸ್ಪತ್ರೆಗೆ ಒಯ್ಯಿರಿ.