ಮಳೆಗಾಲದ ಮಾರಾಟ: ಇರುವಷ್ಟನ್ನೇ ಹೇಳಿ, ಆಗುವಷ್ಟನ್ನೇ ಒಪ್ಪಿ

ಮಲೆನಾಡಿನಲ್ಲಿ ಮಳೆ ಹಿಡಿಯುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಶಾಲೆ ತೆರೆಯುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ಕೊಡೆ, ರೇನ್‌ಕೋಟ್ ಅಂಗಡಿಯ ಪ್ರಚಾರ ಮೇ ಕೊನೆಯ ವಾರಕ್ಕೇ ಶುರುವಾಗಬೇಕು. ಸಾಗರದಂಥ ಊರಿನ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ.

ಮೊದಲು ಅಳತೆವಾರು ದಾಸ್ತಾನು ಎಣಿಸಿ. ಬೈಕ್ ಸವಾರರು ಬಟ್ಟೆಯ ಮೇಲೆ ತೊಡುವುದರಿಂದ ಒಂದು ಅಳತೆ ದೊಡ್ಡದನ್ನೇ ಕೇಳುತ್ತಾರೆ. ಎಕ್ಸ್‌ಎಲ್ ಮುಗಿದು ಮೀಡಿಯಂ ರಾಶಿ ಬಿದ್ದಿರುವಾಗ ‘ಕೆಲವೇ ಉಳಿದಿವೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆಯಿರಿ: ‘ಜಾಕೆಟ್-ಪ್ಯಾಂಟ್ ಸೆಟ್, ಎಕ್ಸ್‌ಎಲ್ 14, ಲಾರ್ಜ್ 22. ಮುಂದಿನ ಲೋಡ್ ಗುರುವಾರ.’ ಸಂಜೆ ಬಾಗಿಲು ಹಾಕುವ ಮುನ್ನ ಅಂಕಿ ತಿದ್ದಿ, ಖಾಲಿಯಾದದ್ದನ್ನು ತೆಗೆಯಿರಿ. ಆನ್‌ಲೈನ್‌ನಲ್ಲಿ ಸುಳ್ಳು ಅವಸರ ಹುಟ್ಟಿಸುವುದನ್ನು ಗಿರಾಕಿಯನ್ನು ಮರುಳು ಮಾಡುವ ‘ಡಾರ್ಕ್ ಪ್ಯಾಟರ್ನ್’ ತಂತ್ರಗಳ ವಿರುದ್ಧ ಕೇಂದ್ರ 2023ರಲ್ಲಿ ತಂದ ಮಾರ್ಗಸೂಚಿ ನಿಷೇಧಿಸಿದೆ. ಕಾನೂನು ಹಾಗಿರಲಿ, ಸಣ್ಣ ಊರಿನಲ್ಲಿ ಅದೇ ‘ಕೊನೆಯ ಎರಡು’ ತಿಂಗಳಿಡೀ ನೇತಾಡಿದರೆ ಎದುರಿನ ಹೋಟೆಲಿನಲ್ಲೇ ನಗುತ್ತಾರೆ.

ಇನ್ನು ಜೋಡಿ ಕೊಡುಗೆ. ಮಾರಾಟವಾಗದ ಕೊಡೆಯನ್ನು ಬೈಕ್ ಸವಾರನ ತಲೆಗೆ ಕಟ್ಟಬೇಡಿ. ಅವನಿಗೆ ಬೇಕಾದದ್ದು ಬ್ಯಾಗಿಗೆ ಹೊದಿಕೆ. ಸೆಟ್ಟಿನ ಅಸಲು 620, ಮಾರುವುದು 900, ಲಾಭ 280 ರೂಪಾಯಿ. ಹೊದಿಕೆಯ ಅಸಲು 70, ಬಿಡಿಯಾಗಿ 150. ಎರಡನ್ನೂ 960ಕ್ಕೆ ಕೊಟ್ಟರೆ ಗಿರಾಕಿಗೆ 90 ರೂಪಾಯಿ ಉಳಿತಾಯ, ನಿಮಗೆ ಉಳಿಯುವುದು 270. ಅಂದರೆ ಸೆಟ್ ಒಂದನ್ನೇ ಮಾರಿದ್ದಕ್ಕಿಂತ ಹತ್ತು ಕಡಿಮೆ! 999 ಎಂದು ಇಟ್ಟರೆ 309 ಉಳಿಯುತ್ತದೆ, ಗಿರಾಕಿಗೂ 51 ರೂಪಾಯಿ ಲಾಭ. ಅದರ ಮೇಲೆ ‘ಮನೆಗೆ ಉಚಿತ’ ಎಂದು 40 ರೂಪಾಯಿ ಖರ್ಚು ಹಾಕಿಕೊಂಡರೆ ಲೆಕ್ಕ ಮತ್ತೆ 269ಕ್ಕೆ ಇಳಿಯುತ್ತದೆ. ಉಚಿತ ಎನ್ನಲೇಬೇಕಿದ್ದರೆ ಎರಡು ಜೋಡಿ ಕೊಳ್ಳುವವರಿಗೆ, ಒಂದೇ ವಿಳಾಸಕ್ಕೆ ಮಾತ್ರ ಎನ್ನಿ.

ತಲುಪಿಸುವ ಮಾತನ್ನು ಊರೊಳಗೆ, ಊರಾಚೆ ಎಂದು ಬೇರೆ ಮಾಡಿ. ಊರೊಳಗೆ ಮಧ್ಯಾಹ್ನ ಎರಡರೊಳಗೆ ಹೇಳಿದರೆ ಅಂದೇ ಸಂಜೆ ತಲುಪಿಸಬಹುದು. ಹಳ್ಳಿಗಳಿಗೆ ಬಸ್ಸಿನ ಪಾರ್ಸೆಲ್ಲೇ ವಾಸಿ: ಹಾಕಿದ ಕೂಡಲೇ ಬಸ್ಸಿನ ಹೆಸರು, ಹೊರಟ ಹೊತ್ತು, ಯಾವ ನಿಲ್ದಾಣದಲ್ಲಿ ಇಳಿಸುತ್ತಾರೆ ಎಂಬುದನ್ನು ಗಿರಾಕಿಗೆ ಕಳುಹಿಸಿ. ಮರ ಬಿದ್ದು ರಸ್ತೆ ಬಂದ್ ಆಗುವ ದಿನಗಳೂ ಇರುತ್ತವೆ. ಆದ್ದರಿಂದ ‘ರೆಡ್ ಅಲರ್ಟ್ ಇದ್ದರೆ ಒಂದು ದಿನ ತಡ’ ಎಂಬ ಸಾಲನ್ನು ಜಾಹೀರಾತಿನಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ತಡವಾಗುವುದು ಗೊತ್ತಾದಾಗ ಗಿರಾಕಿ ಕೇಳುವ ಮೊದಲು ನೀವೇ ಫೋನ್ ಮಾಡಿ, ಬೇಡವೆಂದರೆ ಹಣವನ್ನು ಅಂದೇ ಹಿಂದಿರುಗಿಸಿ.